ಆಲ್ ರಿಸ್ಕ್ಸ್ ಇದ್ದರೂ ಕಂಟೇನರ್ ಬಿಡಲಿಲ್ಲ: ಒಂದು ಜನರಲ್ ಆವರೇಜ್ ಪ್ರಕರಣ

ಪೀಣ್ಯದ ಒಬ್ಬ ಆಮದುದಾರರು ಚೀನಾದ ನಿಂಗ್ಬೋ ಬಂದರಿನಿಂದ ಒಂದು ನಲವತ್ತಡಿ ಕಂಟೇನರ್ ತರಿಸಿದ್ದರು. ಒಳಗಿದ್ದದ್ದು ಪ್ಯಾಕಿಂಗ್ ಯಂತ್ರಗಳಿಗೆ ಬೇಕಾದ ಮೋಟರುಗಳು, ಕಂಟ್ರೋಲ್ ಪ್ಯಾನೆಲ್‌ಗಳು, ಸೆನ್ಸರ್‌ಗಳು ಮತ್ತು ಎರಡು ಸೀಲಿಂಗ್ ಯಂತ್ರಗಳು. ಚೆನ್ನೈ ಬಂದರಿಗೆ ಬಂದು, ಅಲ್ಲಿಂದ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಆದ ಐಸಿಡಿಗೆ, ಅಲ್ಲಿಂದ ಲಾರಿಯಲ್ಲಿ ಪೀಣ್ಯಕ್ಕೆ ಬರಬೇಕಿತ್ತು. ಖರೀದಿ ಸಿಐಎಫ್ ಲೆಕ್ಕದಲ್ಲಿ. ಅಂದರೆ ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿ ಮಾರಾಟಗಾರನ ಇನ್‌ವಾಯ್ಸ್. ಒಟ್ಟು 40 ಲಕ್ಷ ರೂಪಾಯಿ. ವಿಮೆ ಮಾಡಿಸಿದ್ದು ಮಾರಾಟಗಾರ. ಸರ್ಟಿಫಿಕೇಟಿನಲ್ಲಿ 44 ಲಕ್ಷಕ್ಕೆ ಸಮನಾದ ಡಾಲರ್ ಮೊತ್ತ ಬರೆದಿತ್ತು.

ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ದಾರಿಯ ನಡುವೆ ಹಡಗಿನ ಒಂದು ಅಂಕಣದಲ್ಲಿ, ಅಂದರೆ ಕಂಟೇನರ್ ಪೇರಿಸುವ ಒಂದು ವಿಭಾಗದಲ್ಲಿ, ಬೆಂಕಿ ಹೊತ್ತಿಕೊಂಡಿತು. ಹೊತ್ತಿದ್ದು ಬೇರೆ ಯಾರದೋ ಕಂಟೇನರ್. ಸಿಬ್ಬಂದಿ ಆ ಅಂಕಣಕ್ಕೆ ಸಮುದ್ರದ ನೀರು ಸುರಿದರು. ಟಗ್ ಬಂದು ಹಡಗನ್ನು ಹತ್ತಿರದ ಬಂದರಿಗೆ ಎಳೆದೊಯ್ದಿತು. ಅಲ್ಲಿ ಕೆಲವು ಕಂಟೇನರ್‌ಗಳನ್ನು ತೆರೆದು ನೋಡಿ, ಮತ್ತೆ ಸೀಲ್ ಹಾಕಿ, ಇನ್ನೊಂದು ಹಡಗಿನಲ್ಲಿ ಚೆನ್ನೈಗೆ ಕಳಿಸಿದರು. ಅಷ್ಟರಲ್ಲಿ ಆಮದುದಾರರಿಗೆ ಹಡಗು ಕಂಪನಿಯ ಏಜೆಂಟರಿಂದ ಇಮೇಲ್ ಬಂತು. ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದ್ದಾರೆ, ಸರಕಿನ ಮೌಲ್ಯದ ಶೇ 20ರಷ್ಟು ಭದ್ರತೆ ಕೊಡದೆ ಕಂಟೇನರ್ ಬಿಡುವುದಿಲ್ಲ ಎಂದು ಅದರಲ್ಲಿತ್ತು. ಅಂದರೆ ಎಂಟು ಲಕ್ಷ.

ಆಮದುದಾರರು ನನಗೆ ಫೋನ್ ಮಾಡಿದಾಗ ಕೇಳಿದ್ದು ಒಂದೇ ಪ್ರಶ್ನೆ. "ಸರ್, ನನ್ನ ಹತ್ರ ಆಲ್ ರಿಸ್ಕ್ಸ್ ಸರ್ಟಿಫಿಕೇಟ್ ಇದೆ. ಬೆಂಕಿ ಹತ್ತಿದ್ದು ನನ್ನ ಮಾಲಿಗೂ ಅಲ್ಲ. ಮತ್ತೆ ನಾನ್ಯಾಕೆ ಎಂಟು ಲಕ್ಷ ಕೊಡ್ಬೇಕು?"

ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರ ಕೊಡಬೇಕಾದರೆ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಒಂದು, ಅವರ ಸ್ವಂತ ಸರಕಿಗೆ ಏನಾಯಿತು ಎಂಬುದು. ಇನ್ನೊಂದು, ಇಡೀ ಹಡಗನ್ನು ಉಳಿಸಲು ಆದ ಖರ್ಚಿನಲ್ಲಿ ಅವರ ಪಾಲು ಎಷ್ಟು ಎಂಬುದು. ಸರ್ಟಿಫಿಕೇಟು ಎರಡಕ್ಕೂ ಉತ್ತರ ಹೇಳುತ್ತದೆ. ಆದರೆ ಬೇರೆ ಬೇರೆ ಸಾಲುಗಳಲ್ಲಿ ಹೇಳುತ್ತದೆ.

ಎಲ್ಲರಿಗೂ ಬೀಳುವ ವಂತಿಗೆ

ಮೊದಲು ಅವರಿಗೆ ತಿಳಿಸಿದ್ದು ಈ ಎರಡನೆಯ ಸಂಗತಿಯನ್ನು. ಯಾಕೆಂದರೆ ಕಂಟೇನರ್ ಬಿಡಿಸಿಕೊಳ್ಳುವುದು ಅದರ ಮೇಲೆ ನಿಂತಿತ್ತು.

ಸಮುದ್ರ ವಿಮೆಯಲ್ಲಿ ಆವರೇಜ್ ಎಂದರೆ ನಷ್ಟ. ಜನರಲ್ ಆವರೇಜ್ ಎಂದರೆ ಎಲ್ಲರೂ ಸೇರಿ ಹೊರುವ ನಷ್ಟ. ಊರಿನಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಅದು ಹರಡದಿರಲಿ ಎಂದು ಪಕ್ಕದವನ ಸೂರು ಕಿತ್ತರೆ, ಆ ಸೂರಿನ ಖರ್ಚನ್ನು ಉಳಿದ ಮನೆಗಳೆಲ್ಲ ವಂತಿಗೆ ಹಾಕಿ ಕೊಡುವುದು ನ್ಯಾಯ, ಅಲ್ವಾ? ಹಡಗಿನಲ್ಲೂ ಅಷ್ಟೇ. ಹಡಗು ಮತ್ತು ಅದರಲ್ಲಿರುವ ಎಲ್ಲರ ಸರಕೂ ಒಂದೇ ಅಪಾಯದಲ್ಲಿವೆ. ಎಲ್ಲವನ್ನೂ ಉಳಿಸಲು ಕ್ಯಾಪ್ಟನ್ ಬೇಕೆಂದೇ ಏನನ್ನಾದರೂ ಹಾಳು ಮಾಡುತ್ತಾನೆ, ಇಲ್ಲವೇ ಮಾಮೂಲಿಯಲ್ಲದ ಖರ್ಚು ಮಾಡುತ್ತಾನೆ. ಉಳಿದುಕೊಂಡ ಎಲ್ಲರೂ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಅದನ್ನು ಹಂಚಿಕೊಳ್ಳುತ್ತಾರೆ.

ಇದಕ್ಕೆ ಯಾರ್ಕ್-ಆಂಟ್ವರ್ಪ್ ನಿಯಮಗಳು ಎಂಬ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಅದರ ಇತ್ತೀಚಿನ ರೂಪ 2016ರದು. ಇದು ಸರ್ಕಾರ ಹೇರಿದ ಕಾನೂನಲ್ಲ. ಸರಕು ಹಡಗಿಗೆ ಒಪ್ಪಿಸಿದ್ದಕ್ಕೆ ಕೊಡುವ ಬಿಲ್ ಆಫ್ ಲೇಡಿಂಗಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಈ ನಿಯಮಗಳಂತೆ ಲೆಕ್ಕ ಮಾಡುತ್ತೇವೆ ಎಂದು ಬರೆದಿರುತ್ತದೆ. ಆ ಬಿಲ್ ಹಿಡಿದು ಸರಕು ಕೇಳುವವರಿಗೆಲ್ಲ ಅದು ಅನ್ವಯಿಸುತ್ತದೆ. ನಮ್ಮ ಆಮದುದಾರರು ಆ ಹಿಂಬದಿಯನ್ನು ಯಾವತ್ತೂ ಓದಿರಲಿಲ್ಲ. ಓದುವವರು ಕಡಿಮೆ. ಓದದಿದ್ದರೂ ಅವರು ಅದಕ್ಕೆ ಬದ್ಧರು.

ಜನರಲ್ ಆವರೇಜ್ ಆಗಬೇಕಾದರೆ ಅಪಾಯ ನಿಜವಾಗಿರಬೇಕು, ಮಾಡಿದ ಕೆಲಸ ಉದ್ದೇಶಪೂರ್ವಕವಾಗಿರಬೇಕು, ಹಾಗೆಯೇ ಅದು ಒಬ್ಬರಿಗಾಗಿ ಅಲ್ಲದೆ ಎಲ್ಲರ ರಕ್ಷಣೆಗಾಗಿ ಆಗಿರಬೇಕು. ಬೆಂಕಿ ಸುಟ್ಟ ಸರಕು ಇದರಲ್ಲಿ ಬರುವುದಿಲ್ಲ. ಅದನ್ನು ಯಾರೂ ಬೇಕೆಂದು ಸುಡಲಿಲ್ಲ. ಬೆಂಕಿ ಆರಿಸಲು ಸುರಿದ ನೀರಿನಿಂದ ಹಾಳಾದ ಸರಕು ಬರುತ್ತದೆ. ಟಗ್‌ನ ಖರ್ಚು, ಆಸರೆಯ ಬಂದರಿಗೆ ಹೋದ ಖರ್ಚು ಬರುತ್ತವೆ. ಈ ನಿಯಮಗಳಲ್ಲಿ ಒಂದು ಬಿಗಿಯಾದ ಗೆರೆ ಇದೆ. ನೀರಿನ ಹಾನಿಗೆ ಎಲ್ಲರೂ ವಂತಿಗೆ ಕೊಡುತ್ತಾರೆ. ಹೊಗೆಯ ಹಾನಿಗೆ, ಬೆಂಕಿಯ ಕಾವಿನ ಹಾನಿಗೆ ಯಾರೂ ಕೊಡುವುದಿಲ್ಲ. ಅದು ಆಯಾ ಸರಕಿನವರ ಸ್ವಂತ ನಷ್ಟ. ಇಂಥ ಸ್ವಂತ ನಷ್ಟಕ್ಕೆ ಪರ್ಟಿಕ್ಯುಲರ್ ಆವರೇಜ್ ಎನ್ನುತ್ತಾರೆ. ಈ ಗೆರೆ ಮುಂದೆ ಕಂಟೇನರ್ ತೆರೆದಾಗ ಬಹಳ ಕೆಲಸಕ್ಕೆ ಬಂತು.

ಹಾಗಾಗಿ ಅವರ ಸರಕಿಗೆ ಒಂದು ಹನಿ ನೀರು ತಾಗದಿದ್ದರೂ ವಂತಿಗೆ ತಪ್ಪುತ್ತಿರಲಿಲ್ಲ. ಹಡಗಿನ ಮಾಲೀಕರಿಗೆ ಸರಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕಿದೆ. ಪಾಲು ಬರುವ ಭರವಸೆ ಕೈಗೆ ಸಿಗುವವರೆಗೆ ಅವರು ಡೆಲಿವರಿ ಆರ್ಡರ್ ಕೊಡುವುದಿಲ್ಲ.

ಶೇ 20 ಎಂಬುದು ಅವರಿಗೆ ದೊಡ್ಡದಾಗಿ ಕಂಡಿತು. ಇದಕ್ಕಿಂತ ಬಹಳ ಜಾಸ್ತಿ ಕೇಳಿದ್ದೂ ಇದೆ. 2018ರ ಮಾರ್ಚ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಮೇರ್ಸ್ಕ್ ಹೊನಾಮ್ ಎಂಬ ಹಡಗಿಗೆ ಬೆಂಕಿ ಬಿದ್ದು ಐವರು ಸಿಬ್ಬಂದಿ ಸತ್ತರು. ಆಗ ಸರಕಿನವರಿಂದ ರಕ್ಷಣಾ ಕಾರ್ಯದವರ ಸಂಭಾವನೆಗೆ ಶೇ 42.5, ಜನರಲ್ ಆವರೇಜಿಗೆ ಶೇ 11.5, ಒಟ್ಟು ಶೇ 54ರಷ್ಟು ಭದ್ರತೆ ಕೇಳಿದ್ದರು. ಒಂದು ಕೋಟಿಯ ಸರಕಿದ್ದವರು 54 ಲಕ್ಷಕ್ಕೆ ಭರವಸೆ ಕೊಡಬೇಕು. ಇದು ಭದ್ರತೆ ಮಾತ್ರ. ಲೆಕ್ಕ ಮುಗಿದ ಮೇಲೆ ನಿಜವಾದ ಪಾಲು ಇದಕ್ಕಿಂತ ಕಡಿಮೆ ಬರಬಹುದು ಎಂದೇ ಮೊದಲಿಗೆ ಸ್ವಲ್ಪ ಮೇಲಿಟ್ಟು ಕೇಳುತ್ತಾರೆ.

ಎಂಟು ಲಕ್ಷದ ಬದಲು ಒಂದು ಕಾಗದ

ಇಲ್ಲಿಯೇ ಸರ್ಟಿಫಿಕೇಟು ಮೊದಲ ಬಾರಿಗೆ ಕೆಲಸಕ್ಕೆ ಬಂತು. ಅದರಲ್ಲಿ "ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಝಸ್ ಎ, 1-1-2009" ಎಂದು ಬರೆದಿತ್ತು. ಈ ಷರತ್ತುಗಳ ಎರಡನೆಯ ಕಲಮು ಜನರಲ್ ಆವರೇಜ್ ಮತ್ತು ಸಾಲ್ವೇಜ್ ಖರ್ಚನ್ನು ವಿಮಾ ಕಂಪನಿ ಭರಿಸುತ್ತದೆ ಎನ್ನುತ್ತದೆ. ಆದ್ದರಿಂದ ಆಮದುದಾರರು ನಗದು ಕಟ್ಟಬೇಕಿಲ್ಲ. ಅವರ ಪರವಾಗಿ ವಿಮಾ ಕಂಪನಿ ಆವರೇಜ್ ಗ್ಯಾರಂಟಿ ಎಂಬ ಪತ್ರ ಕೊಟ್ಟರೆ ಸಾಕು.

ಹಡಗಿನ ಮಾಲೀಕರು ನೇಮಿಸಿದ ಆವರೇಜ್ ಅಡ್ಜಸ್ಟರ್, ಅಂದರೆ ಈ ಹಂಚಿಕೆಯ ಲೆಕ್ಕ ಮಾಡುವವರು, ಮೂರು ಕಾಗದ ಕೇಳಿದರು. ಮೊದಲನೆಯದು ಆವರೇಜ್ ಬಾಂಡ್. ನನ್ನ ಪಾಲಿಗೆ ಬಂದದ್ದನ್ನು ಕೊಡುತ್ತೇನೆ ಎಂದು ಆಮದುದಾರರೇ ಸಹಿ ಮಾಡುವ ಪತ್ರ ಇದು. ಎರಡನೆಯದು ವಿಮಾ ಕಂಪನಿಯ ಗ್ಯಾರಂಟಿ. ಮೂರನೆಯದು ಸರಕಿನ ಮೌಲ್ಯ ತೋರಿಸುವ ಇನ್‌ವಾಯ್ಸ್. ರಕ್ಷಣಾ ಕಾರ್ಯ ಮಾಡಿದ ಸಾಲ್ವೇಜ್ ಕಂಪನಿ ಬೇರೆಯಾಗಿ ಭದ್ರತೆ ಕೇಳಿದ್ದರೆ ಇನ್ನೊಂದು ಗ್ಯಾರಂಟಿಯೂ ಬೇಕಾಗುತ್ತಿತ್ತು. ಎಷ್ಟೋ ಜನ ಒಂದು ಕೊಟ್ಟು ಇನ್ನೊಂದನ್ನು ಮರೆತು ಕಾಯುತ್ತಾ ಕೂರುತ್ತಾರೆ. ಇಲ್ಲಿ ಟಗ್ ಅನ್ನು ಗೊತ್ತಾದ ಬಾಡಿಗೆಗೆ ಕರೆಸಿದ್ದರಿಂದ ಆ ಖರ್ಚು ಜನರಲ್ ಆವರೇಜಿನೊಳಗೇ ಸೇರಿತ್ತು.

ಗ್ಯಾರಂಟಿ ಸಿಗುವ ಮೊದಲು ಒಂದು ತೊಡಕು ಬಂತು. ಸರ್ಟಿಫಿಕೇಟಿನಲ್ಲಿ ವಿಮೆ ಪಡೆದವರ ಹೆಸರು ಮಾರಾಟಗಾರನದು. ಅದರ ಹಕ್ಕು ಖರೀದಿದಾರನಿಗೆ ಬರಬೇಕಾದರೆ ಮಾರಾಟಗಾರ ಹಿಂಬದಿಯಲ್ಲಿ ಸಹಿ ಹಾಕಿ, ಮೊಹರು ಒತ್ತಿ ಕೊಡಬೇಕು. ಇವರ ಕೈಯಲ್ಲಿದ್ದದ್ದು ಮುಂಬದಿಯ ಸ್ಕ್ಯಾನ್ ಪ್ರತಿ ಮಾತ್ರ. ಮೂಲ ಪ್ರತಿ ಇನ್ನೂ ನಿಂಗ್ಬೋದ ಕಚೇರಿಯಲ್ಲೇ ಇತ್ತು. ಸರ್ಟಿಫಿಕೇಟಿನ ಕೆಳಗೆ ವಿಮಾ ಕಂಪನಿಯ ಭಾರತದ ಕ್ಲೇಮ್ ಏಜೆಂಟರ ವಿಳಾಸ ಅಚ್ಚಾಗಿರುತ್ತದೆ. ನಾವು ಮೊದಲು ಅವರಿಗೆ ತಿಳಿಸಿದೆವು. ಮಾರಾಟಗಾರನಿಂದ ಸಹಿ ಮಾಡಿದ ಮೂಲ ಪ್ರತಿ ಕೊರಿಯರ್‌ನಲ್ಲಿ ಬಂತು. ಅದಾದ ಮೇಲೆಯೇ ಗ್ಯಾರಂಟಿ ಹೊರಟಿತು. ಈ ಕಾಯುವಿಕೆಯಲ್ಲಿ ಏರಿದ ಕಂಟೇನರ್ ಡಿಟೆನ್ಷನ್ ಶುಲ್ಕ ಮತ್ತು ಬಂದರಿನ ಬಾಡಿಗೆ ಯಾವ ವಿಮೆಯಿಂದಲೂ ಬರಲಿಲ್ಲ.

ಅದೇ ಹಡಗಿನಲ್ಲಿ ಸರಕು ಇದ್ದ ಇನ್ನೊಬ್ಬರು ವಿಮೆಯನ್ನೇ ಮಾಡಿಸಿರಲಿಲ್ಲ. ಅವರ ಕಂಟೇನರ್ ಬೇರೆ ಅಂಕಣದಲ್ಲಿತ್ತು, ಒಂದು ಪೆಟ್ಟಿಗೆಯೂ ನೆನೆದಿರಲಿಲ್ಲ. ಆದರೂ ಅವರು ಶೇ 20ನ್ನು ನಗದಾಗಿ ಠೇವಣಿ ಇಟ್ಟೇ ಸರಕು ಬಿಡಿಸಿಕೊಳ್ಳಬೇಕಾಯಿತು. ಹಂಚಿಕೆಯ ಲೆಕ್ಕ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಆ ದುಡ್ಡು ವ್ಯಾಪಾರದಿಂದ ಹೊರಗೆ ಇದ್ದಂತೆಯೇ.

ಆಲ್ ರಿಸ್ಕ್ಸ್ ಏನು ಹೇಳುತ್ತದೆ

ಈಗ ಅವರ ಸ್ವಂತ ಸರಕಿನ ಮಾತು. ಆಲ್ ರಿಸ್ಕ್ಸ್ ಎಂದರೆ ಏನು ಹಾಳಾದರೂ ದುಡ್ಡು ಬರುತ್ತದೆ ಎಂದು ಅವರು ನಂಬಿದ್ದರು. ಆ ಎರಡು ಪದಗಳನ್ನು ಓದಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಈ ಸರ್ಟಿಫಿಕೇಟಿನಲ್ಲಿ ಆಲ್ ರಿಸ್ಕ್ಸ್ ಎಂದರೆ ಎ ಷರತ್ತುಗಳೇ. ಅವುಗಳ ಸಾರ ಹೀಗೆ: ಹೆಸರಿಸಿ ಹೊರಗಿಟ್ಟ ಕಾರಣಗಳನ್ನು ಬಿಟ್ಟು, ಸರಕಿಗೆ ಆಗುವ ಎಲ್ಲ ಬಗೆಯ ಆಕಸ್ಮಿಕ ನಷ್ಟ ಅಥವಾ ಹಾನಿಗೆ ವಿಮೆ ಇದೆ. ಇಲ್ಲಿ "ಆಕಸ್ಮಿಕ" ಎಂಬುದು ಮುಖ್ಯ. ಆಗಲೂಬಹುದು, ಆಗದೆಯೂ ಇರಬಹುದು ಎಂಬಂಥದ್ದಕ್ಕೆ ಮಾತ್ರ ವಿಮೆ. ಖಂಡಿತ ಆಗಿಯೇ ಆಗುವಂಥದ್ದಕ್ಕೆ ಇಲ್ಲ. ಇದರಿಂದ ಆಮದುದಾರರಿಗೆ ಇರುವ ದೊಡ್ಡ ಅನುಕೂಲ ಏನೆಂದರೆ, ಸರಕು ಚೆನ್ನಾಗಿ ಹೊರಟು ದಾರಿಯಲ್ಲಿ ಹಾಳಾಗಿದೆ ಎಂದು ತೋರಿಸಿದರೆ ಸಾಕು. ನಿಖರವಾಗಿ ಯಾವ ಅಪಘಾತದಿಂದ ಎಂದು ಅವರು ಸಾಬೀತು ಮಾಡಬೇಕಿಲ್ಲ. ಹೊರಗಿಟ್ಟ ಕಾರಣದಿಂದಲೇ ಹಾಳಾಯಿತು ಎಂದು ತೋರಿಸುವ ಹೊಣೆ ವಿಮಾ ಕಂಪನಿಯದು.

ಹೊರಗಿಟ್ಟವುಗಳಲ್ಲಿ ಈ ಪ್ರಕರಣಕ್ಕೆ ಸಂಬಂಧಿಸಿದವು ಎರಡು. ಸಾಮಾನ್ಯ ಪ್ರಯಾಣವನ್ನೂ ತಾಳದಂಥ ಕೆಟ್ಟ ಪ್ಯಾಕಿಂಗ್, ಮತ್ತು ತಡ. ತಡಕ್ಕೆ ಕಾರಣ ವಿಮೆಯೊಳಗಿನ ಅಪಘಾತವೇ ಆಗಿದ್ದರೂ ತಡದಿಂದ ಆದ ನಷ್ಟಕ್ಕೆ ವಿಮೆ ಇಲ್ಲ ಎಂದು ಷರತ್ತು ಬಿಡಿಸಿ ಹೇಳುತ್ತದೆ. ಯುದ್ಧ ಮತ್ತು ಮುಷ್ಕರ ಕೂಡ ಎ ಒಳಗಿಲ್ಲ. ಅವಕ್ಕೆ ಬೇರೆ ಷರತ್ತುಗಳಿವೆ, ಸರ್ಟಿಫಿಕೇಟಿನಲ್ಲಿ ಅವುಗಳ ಹೆಸರು ಬೇರೆಯಾಗಿ ಇರಬೇಕು. ಕೆಂಪು ಸಮುದ್ರದ ದಾರಿಯಲ್ಲಿ ಸರಕು ತರಿಸುವವರು ಈ ಸಾಲನ್ನು ಹುಡುಕಿ ನೋಡಲೇಬೇಕು.

ಇನ್ನೊಂದು ವಿಷಯ. ಸಿಐಎಫ್‌ನಲ್ಲಿ ಕೊಂಡರೆ ಎ ಷರತ್ತು ತಾನಾಗಿ ಸಿಗುವುದಿಲ್ಲ. ಖರೀದಿಯ ಇಂಥ ಲೆಕ್ಕಗಳಿಗೆ ಅಂತರರಾಷ್ಟ್ರೀಯ ನಿಯಮಾವಳಿಯಾದ 2020ರ ಇನ್‌ಕೋಟರ್ಮ್ಸ್ ಪ್ರಕಾರ ಸಿಐಎಫ್ ಮಾರಾಟಗಾರ ಕೊಡಬೇಕಾದದ್ದು ಸಿ ಷರತ್ತಿನ ವಿಮೆ ಮಾತ್ರ. ಹೇಳಿದ ಜಾಗದವರೆಗೆ ಸಾಗಣೆ, ವಿಮೆ ಎರಡನ್ನೂ ಮಾರಾಟಗಾರನೇ ಕಟ್ಟುವ ಸಿಐಪಿ ಆದರೆ ಎ ಕೊಡಬೇಕು. ಸಿ ಎನ್ನುವುದು ಬೆಂಕಿ, ಹಡಗು ಮುಳುಗುವುದು, ನೆಲಕ್ಕೆ ತಾಗಿ ಸಿಕ್ಕಿಕೊಳ್ಳುವುದು, ಡಿಕ್ಕಿ ಹೀಗೆ ಕೆಲವು ದೊಡ್ಡ ಅಪಘಾತಗಳ ಪಟ್ಟಿ. ಜನರಲ್ ಆವರೇಜ್ ಎ, ಬಿ, ಸಿ ಮೂರರಲ್ಲೂ ಇದೆ. ಹಾಗಾಗಿ ಇವರ ಬಳಿ ಸಿ ಇದ್ದಿದ್ದರೂ ಗ್ಯಾರಂಟಿ ಸಿಗುತ್ತಿತ್ತು. ವ್ಯತ್ಯಾಸ ಎಲ್ಲಿ ಬರುತ್ತಿತ್ತು ಎನ್ನುವುದು ಬಾಗಿಲು ತೆರೆದಾಗ ಗೊತ್ತಾಯಿತು. ಅದೃಷ್ಟಕ್ಕೆ ಇವರು ಆರ್ಡರ್‌ನಲ್ಲೇ "ಆಲ್ ರಿಸ್ಕ್ಸ್, ಎ ಷರತ್ತು" ಎಂದು ಕೇಳಿದ್ದರು. ಸುಮ್ನೆ "ಆಲ್ ರಿಸ್ಕ್ಸ್" ಎಂದು ಮಾತ್ರ ಕೇಳಿದ್ದರೆ ಚೀನಾದ ಕಂಪನಿ ತನ್ನ ದೇಶದ ಷರತ್ತುಗಳ ಪ್ರಕಾರ ಕೊಡಬಹುದಿತ್ತು. ಅಲ್ಲಿಯೂ ಆ ಹೆಸರಿನ ವಿಮೆ ಇದೆ, ಆದರೆ ಬರಹ ಬೇರೆ. ಸರ್ಟಿಫಿಕೇಟಿನಲ್ಲಿ ಆಲ್ ರಿಸ್ಕ್ಸ್ ಎಂಬುದರ ಮುಂದೆ ಯಾವ ಷರತ್ತು, ಯಾವ ವರ್ಷದ್ದು ಎಂದು ಇರಲೇಬೇಕು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬಾಗಿಲು ತೆರೆದಾಗ

ಕಂಟೇನರ್ ವೈಟ್‌ಫೀಲ್ಡ್ ಐಸಿಡಿಗೆ ಬಂತು. ಅದನ್ನು ಅಲ್ಲೇ, ಕಸ್ಟಮ್ಸ್ ಎದುರಿನಲ್ಲೇ ತೆರೆಯಬೇಕು, ಪೀಣ್ಯಕ್ಕೆ ತಂದು ತೆರೆಯಬಾರದು ಎಂದು ನಾವು ಹಟ ಹಿಡಿದೆವು. ಇದಕ್ಕೆ ಎರಡು ಕಾರಣ. ಮೊದಲನೆಯದು, ಹಡಗಿನಿಂದ ಇಳಿಯುವ ಮೊದಲೇ ಹಾಳಾದ ಸರಕಿಗೆ ಕಸ್ಟಮ್ಸ್ ಕಾಯ್ದೆಯ 22ನೆಯ ಕಲಮಿನಡಿ ಸುಂಕ ಕಡಿಮೆ ಮಾಡಿಸಿಕೊಳ್ಳಬಹುದು. ಹಾನಿ ಅಧಿಕಾರಿಗೆ ಮನವರಿಕೆ ಆಗಬೇಕು, ಆಗ ಕಡಿಮೆಯಾದ ಬೆಲೆಗೆ ತಕ್ಕಷ್ಟೇ ಸುಂಕ. 44 ಲಕ್ಷದ ವಿಮೆಯಲ್ಲಿ ಸುಂಕದ ಹಣ ಸೇರಿರಲಿಲ್ಲ, ಬೇಕಿದ್ದರೆ ಅದಕ್ಕೆ ಬೇರೆ ವಿಮೆ ಮಾಡಿಸಬೇಕಿತ್ತು. ಹಾಗಾಗಿ ಈ ಅವಕಾಶ ಬಿಡುವಂತಿರಲಿಲ್ಲ. ಎರಡನೆಯದು, ವಿಮಾ ಕಂಪನಿಯ ಸರ್ವೇಯರ್ ಮತ್ತು ಜನರಲ್ ಆವರೇಜ್ ಕಡೆಯ ಸರ್ವೇಯರ್ ಇಬ್ಬರೂ ಒಟ್ಟಿಗೆ ನೋಡಬೇಕಿತ್ತು. ಒಬ್ಬರು ನೋಡಿ ಹೋದ ಮೇಲೆ ಪೆಟ್ಟಿಗೆಗಳು ಜಾಗ ಬದಲಿಸಿದರೆ ಇನ್ನೊಬ್ಬರಿಗೆ ಸಾಕ್ಷಿಯೇ ಇರುವುದಿಲ್ಲ.

ಒಳಗೆ ಒಂದಲ್ಲ, ನಾಲ್ಕು ಬಗೆಯ ನಷ್ಟ ಇತ್ತು.

ಕೆಳಗಿನ ಸಾಲಿನ ಪೆಟ್ಟಿಗೆಗಳೆಲ್ಲ ಒಂದೇ ಎತ್ತರದವರೆಗೆ ನೆನೆದಿದ್ದವು. ಕಂಟೇನರಿನ ಒಳಗೋಡೆಯಲ್ಲೂ ಅದೇ ಎತ್ತರಕ್ಕೆ ಮಸಿ ಬೆರೆತ ನೀರಿನ ಗೆರೆ ಉಳಿದಿತ್ತು. ಸರ್ವೇಯರ್ ಒದ್ದೆ ರಟ್ಟಿನ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕಿದರು. ಹಾಲಿನಂತೆ ಬೆಳ್ಳಗಾಯಿತು. ಅಂದರೆ ಉಪ್ಪು ಇದೆ, ಇದು ಸಮುದ್ರದ ನೀರು. ಕಂಟೇನರಿನೊಳಗಿನ ಸೆಕೆಗೆ ಚಾವಣಿಯಲ್ಲಿ ಕಟ್ಟುವ ಬೆವರು ನೀರಾಗಿದ್ದರೆ ಹಾಗೆ ಆಗುತ್ತಿರಲಿಲ್ಲ. ಅದು ಮೇಲಿಂದ ತೊಟ್ಟಿಕ್ಕಿ ಮೇಲಿನ ಪೆಟ್ಟಿಗೆಗಳನ್ನು ನೆನೆಸುತ್ತದೆ. ಆದರೆ ಉಪ್ಪು ನೀರು ಎಂಬುದೊಂದೇ ಸಾಲದು. ಅಲೆಯ ನೀರೂ ಉಪ್ಪೇ. ಕಂಟೇನರ್ ಇದ್ದ ಜಾಗ, ಅಲ್ಲಿಗೆ ನೀರು ಸುರಿದದ್ದು ಹಡಗಿನ ಲಾಗ್ ಪುಸ್ತಕದಲ್ಲಿತ್ತು. ಆ ದಾಖಲೆ, ಗೋಡೆಯ ಗೆರೆ, ಮಸಿ ಎಲ್ಲವನ್ನೂ ಜೋಡಿಸಿ ಇದು ಬೆಂಕಿ ಆರಿಸಿದ ನೀರು ಎಂದು ಇಬ್ಬರೂ ಸರ್ವೇಯರ್‌ಗಳು ಒಪ್ಪಿದರು. ಹೀಗೆ ಹಾಳಾದ ಮೋಟರುಗಳ ಬೆಲೆ 6 ಲಕ್ಷ.

ಮೇಲಿನ ಸಾಲಿನ ಪೆಟ್ಟಿಗೆಗಳು ನೆನೆದಿರಲಿಲ್ಲ. ಆದರೆ ಗಾಳಿಕಿಂಡಿಯ ಬಳಿಯ ಕಂಟ್ರೋಲ್ ಪ್ಯಾನೆಲ್‌ಗಳ ಒಳಗೆ ಎಣ್ಣೆಮಸಿ ಕೂತಿತ್ತು. ಸರ್ಕಿಟ್ ಬೋರ್ಡುಗಳ ಮೇಲೆ ಅಂಥ ಮಸಿ ಕೂತರೆ ಒರೆಸಿ ಬಳಸುವ ಹಾಗಿಲ್ಲ. ಇದು ಹೊಗೆಯ ಹಾನಿ, 2 ಲಕ್ಷ.

ಮೂರನೆಯದು ಕೊರತೆ. ಪ್ಯಾಕಿಂಗ್ ಲಿಸ್ಟ್‌ನಲ್ಲಿದ್ದ ಎರಡು ಸೆನ್ಸರ್ ಪೆಟ್ಟಿಗೆಗಳು ಇರಲಿಲ್ಲ. ಬಿಲ್ ಆಫ್ ಲೇಡಿಂಗಿನಲ್ಲಿದ್ದ ಸೀಲ್ ನಂಬರ್ ಬೇರೆ, ಬಾಗಿಲ ಮೇಲಿದ್ದ ಸೀಲ್ ನಂಬರ್ ಬೇರೆ. ಆಸರೆಯ ಬಂದರಿನಲ್ಲಿ ತೆರೆದು ಹೊಸ ಸೀಲ್ ಹಾಕಿದ್ದರಲ್ಲ, ಪೆಟ್ಟಿಗೆಗಳು ಹೋದದ್ದು ಅಲ್ಲೇ ಎಂದು ಸರ್ವೇಯರ್‌ಗಳು ಬರೆದರು. ಇದು 1 ಲಕ್ಷ.

ನಾಲ್ಕನೆಯದು ಒಂದು ಸೀಲಿಂಗ್ ಯಂತ್ರ. ಮರದ ಪೆಟ್ಟಿಗೆ ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಗೆ ಯಂತ್ರ ಮಗುಚಿ ಬಿದ್ದು ಅದರ ತೋಳು ಮುರಿದಿತ್ತು. ತಳದ ಹಲಗೆಗೆ ಬೋಲ್ಟ್ ಹಾಕಿರಲಿಲ್ಲ, ಪಕ್ಕಕ್ಕೆ ಆನಿಸುವ ಮರದ ತುಂಡುಗಳೂ ಇರಲಿಲ್ಲ. ಅದೇ ಕಂಟೇನರಿನಲ್ಲಿದ್ದ ಇನ್ನೊಂದು ಯಂತ್ರಕ್ಕೆ ಬೋಲ್ಟ್ ಹಾಕಿದ್ದರು, ಅದು ಅಲುಗಾಡಿರಲಿಲ್ಲ. ಇದೂ 1 ಲಕ್ಷ.

ಸರ್ವೇ ಮಾಡುವಾಗ ಈ ನಾಲ್ಕನ್ನೂ ಬೇರೆ ಬೇರೆ ರಾಶಿ ಮಾಡಿ, ಫೋಟೋ ತೆಗೆದು, ಬೇರೆ ಬೇರೆ ಪಟ್ಟಿ ಬರೆಸಿದೆವು. "ಬೆಂಕಿ ಅಪಘಾತದಲ್ಲಿ 10 ಲಕ್ಷದ ಸರಕು ಹಾಳು" ಎಂದು ಒಂದೇ ಸಾಲು ಬರೆದಿದ್ದರೆ ಯಾವುದು ಯಾರ ಲೆಕ್ಕಕ್ಕೆ ಎಂದು ಮತ್ತೆ ಬಿಡಿಸಲು ಆಗುತ್ತಿರಲಿಲ್ಲ. ಹಾಗೆಯೇ ಹಡಗು ಕಂಪನಿಗೂ ಹಾನಿಯ ಲಿಖಿತ ನೋಟಿಸ್ ಕೊಟ್ಟೆವು. ಹೊರಗಿಂದ ಕಾಣದ ಹಾನಿಗೆ ಡೆಲಿವರಿಯಾದ ಮೂರು ದಿನಗಳೊಳಗೆ ಕೊಡಬೇಕು. ಕೊಡದಿದ್ದರೆ ಸರಕು ಸರಿಯಾಗಿಯೇ ತಲುಪಿತು ಎಂದು ಮೊದಲಿಗೆ ಭಾವಿಸುತ್ತಾರೆ, ವಿಮಾ ಕಂಪನಿ ಮುಂದೆ ಹಡಗಿನವರಿಂದ ವಸೂಲಿ ಮಾಡುವುದು ಕಷ್ಟವಾಗುತ್ತದೆ. ಆ ಹಕ್ಕನ್ನು ಕಾಪಾಡುವುದು ವಿಮೆ ಪಡೆದವರ ಕರ್ತವ್ಯ ಎಂದು ಷರತ್ತಿನಲ್ಲೇ ಇದೆ.

ಲೆಕ್ಕ

ವಿಮೆ ಇನ್‌ವಾಯ್ಸ್‌ನ ಶೇ 110ಕ್ಕೆ ಇತ್ತು. ಆ ಮೇಲಿನ ಶೇ 10 ಸಣ್ಣಪುಟ್ಟ ಖರ್ಚಿಗೆ ಮತ್ತು ಲಾಭಕ್ಕೆ ಎಂದು ಇಡುವ ರೂಢಿ. ಭಾಗಶಃ ನಷ್ಟವಾದಾಗ ಪರಿಹಾರವೂ ಅದೇ ಪ್ರಮಾಣದಲ್ಲಿ ಬರುತ್ತದೆ. 40 ಲಕ್ಷದಲ್ಲಿ 6 ಲಕ್ಷ ಎಂದರೆ ಶೇ 15. 44 ಲಕ್ಷದ ಶೇ 15 ಎಂದರೆ 6 ಲಕ್ಷ 60 ಸಾವಿರ. ನೀರಿನ ಹಾನಿಗೆ ಇಷ್ಟು ಬಂತು. ಹೊಗೆಗೆ 2 ಲಕ್ಷ 20 ಸಾವಿರ, ಕೊರತೆಗೆ 1 ಲಕ್ಷ 10 ಸಾವಿರ. ಒಟ್ಟು 9 ಲಕ್ಷ 90 ಸಾವಿರ.

ಎ ಮತ್ತು ಸಿ ನಡುವಿನ ವ್ಯತ್ಯಾಸ ಕಾಣುವುದು ಇಲ್ಲಿ. ನೀರಿನ ಹಾನಿ ಎಲ್ಲರನ್ನೂ ಉಳಿಸಲು ಬೇಕೆಂದೇ ಮಾಡಿದ್ದು, ಅಂದರೆ ಜನರಲ್ ಆವರೇಜ್ ತ್ಯಾಗ; ಹೊಗೆ ಬೆಂಕಿಯಿಂದ ಬಂದದ್ದು. ಸಿ ಇದ್ದರೂ ಇವೆರಡೂ ಸಿಗುತ್ತಿದ್ದವು. ಕಳೆದುಹೋದ ಎರಡು ಪೆಟ್ಟಿಗೆಗಳಿಗೆ ಮಾತ್ರ ಸಿ ಅಡಿ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಕಳವು ಆ ಪಟ್ಟಿಯಲ್ಲೇ ಇಲ್ಲ. ಬೆಂಕಿಯಂಥ ದೊಡ್ಡ ಅಪಘಾತಗಳಲ್ಲಿ ಎರಡೂ ಹತ್ತಿರ ಹತ್ತಿರ. ಕಳವು, ಮಳೆ ನೀರು, ಲಾರಿಯಿಂದ ಬೀಳಿಸಿದ್ದು ಇಂಥ ದಿನನಿತ್ಯದ ನಷ್ಟಗಳಲ್ಲಿ ಎ ಬೇಕು. ಆಮದುದಾರರಿಗೆ ಪದೇ ಪದೇ ಎದುರಾಗುವುದು ಇವೇ.

ಮುರಿದ ಯಂತ್ರದ ಕ್ಲೇಮ್ ತಿರಸ್ಕಾರವಾಯಿತು. ಆಮದುದಾರರಿಗೆ ಬೇಸರವಾಯಿತು. "ಪ್ಯಾಕ್ ಮಾಡಿದ್ದು ನಾನಲ್ವಲ್ಲ ಸರ್" ಎಂದರು. ಷರತ್ತಿನ ಪ್ರಕಾರ ವಿಮೆ ಶುರುವಾಗುವ ಮೊದಲೇ ಮಾಡಿದ ಪ್ಯಾಕಿಂಗ್ ಆಗಿದ್ದರೆ, ಯಾರು ಮಾಡಿದರೂ ಅದರ ದೋಷ ಹೊರಗೇ. ಈ ಪೆಟ್ಟಿಗೆ ತಯಾರಾದದ್ದು ಕಾರ್ಖಾನೆಯಲ್ಲಿ, ಸರಕು ಗೋದಾಮಿನಿಂದ ಹೊರಡುವ ಮೊದಲು. ಬೆಂಕಿಯ ಗಲಾಟೆಯಲ್ಲಿ ಜೋರಾದ ಪೆಟ್ಟು ಬಿದ್ದಿರಬಹುದಲ್ಲ ಎಂದು ವಾದಿಸಲು ನಾನೂ ಯೋಚಿಸಿದ್ದೆ. ಪಕ್ಕದ ಯಂತ್ರ ಅಲುಗಾಡದೆ ನಿಂತಿದ್ದು ಆ ವಾದಕ್ಕೆ ಜಾಗ ಬಿಡಲಿಲ್ಲ. ವಿಮಾ ಕಂಪನಿಯ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ.

ತಡದಿಂದ ಅವರ ಒಬ್ಬ ಗ್ರಾಹಕರು ಆರ್ಡರ್ ರದ್ದು ಮಾಡಿದ್ದರು. ಅದೂ ಸಿಗಲಿಲ್ಲ.

ಇನ್ನು ವಂತಿಗೆಯ ಲೆಕ್ಕ. ಅದು ಬಂದದ್ದು ಬಹಳ ಕಾಲದ ಮೇಲೆ. ಹಡಗು ಮತ್ತು ಎಲ್ಲ ಸರಕು ಸೇರಿ ಉಳಿದ ಮೌಲ್ಯ 600 ಕೋಟಿ, ಹಂಚಬೇಕಾದ ಖರ್ಚು ಮತ್ತು ತ್ಯಾಗ 60 ಕೋಟಿ. ಅಂದರೆ ಎಲ್ಲರಿಗೂ ಶೇ 10. ನಮ್ಮ ಆಮದುದಾರರ ಪಾಲು 40 ಲಕ್ಷದ ಮೇಲೆ ಅಲ್ಲ. ಪ್ರಯಾಣದ ಕೊನೆಗೆ ನಿಜವಾಗಿ ಉಳಿದ ಸರಕಿನ ಮೇಲೆ. ಹೊಗೆಯ 2 ಲಕ್ಷ, ಕೊರತೆಯ 1 ಲಕ್ಷ, ಮುರಿದ ಯಂತ್ರದ 1 ಲಕ್ಷ ಕಳೆಯಬೇಕು. ನೀರಿನಿಂದ ಹಾಳಾದ 6 ಲಕ್ಷವನ್ನು ಕಳೆಯುವುದಿಲ್ಲ. ಅದನ್ನು ಉಳಿದವರು ತುಂಬಿಕೊಡುತ್ತಾರೆ, ಆದ್ದರಿಂದ ಅದೂ ಉಳಿದಂತೆಯೇ ಲೆಕ್ಕ. ಹಾಗಿಲ್ಲದಿದ್ದರೆ ತ್ಯಾಗವಾದ ಸರಕಿನವನು ಪೂರ್ತಿ ಹಣ ಪಡೆದು ವಂತಿಗೆ ಕೊಡದೆ ಎಲ್ಲರಿಗಿಂತ ಲಾಭದಲ್ಲಿರುತ್ತಿದ್ದ. ಉಳಿದದ್ದು 36 ಲಕ್ಷ. ಅದರ ಶೇ 10, ಅಂದರೆ 3 ಲಕ್ಷ 60 ಸಾವಿರ.

ಈ ಹಣವನ್ನು ವಿಮಾ ಕಂಪನಿ ಗ್ಯಾರಂಟಿಯ ಮೇಲೆ ನೇರವಾಗಿ ಕಟ್ಟಿತು. ನೀರಿನ ಹಾನಿಗೆ ವಂತಿಗೆಯಿಂದ ಬರಬೇಕಿದ್ದ 6 ಲಕ್ಷವೂ ವಿಮಾ ಕಂಪನಿಗೇ ಹೋಯಿತು, ಏಕೆಂದರೆ ಆ ನಷ್ಟವನ್ನು ಅದು ಆಗಲೇ ಆಮದುದಾರರಿಗೆ ಕೊಟ್ಟಿತ್ತು.

ವಿಮೆಯ ಮೊತ್ತ ಕಡಿಮೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಪ್ರೀಮಿಯಂ ಉಳಿಸಲು 18 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರು ಎಂದುಕೊಳ್ಳಿ. ಸರಕಿನ ಪಾಲಿನ ಮೌಲ್ಯ 36 ಲಕ್ಷ, ವಿಮೆ ಅದರ ಅರ್ಧ. ಆಗ ವಂತಿಗೆಯಲ್ಲೂ ಹೆಚ್ಚೆಂದರೆ ಅರ್ಧ ಮಾತ್ರ ವಿಮಾ ಕಂಪನಿಯದು, ಉಳಿದದ್ದು ಆಮದುದಾರರ ಕೈಯಿಂದ. ಸಹಿ ಹಾಕಿದ ಆವರೇಜ್ ಬಾಂಡ್ ಇರುವುದು ಅವರ ಹೆಸರಿನಲ್ಲೇ. ಬೆಲೆ ಕಡಿಮೆ ತೋರಿಸಿದ ಇನ್‌ವಾಯ್ಸ್‌ಗಳ ಮೇಲೆ ವಿಮೆ ಮಾಡಿಸುವವರಿಗೂ ಇದೇ ಗತಿ.

ಅರವತ್ತು ದಿನ

ಈ ಪ್ರಕರಣದಲ್ಲಿ ನನಗೆ ಹೆಚ್ಚು ಆತಂಕ ಆದದ್ದು ಯಾರೂ ಗಮನಿಸದ ಒಂದು ಸಾಲಿನ ಬಗ್ಗೆ. ಸರ್ಟಿಫಿಕೇಟಿನಲ್ಲಿ ಕೊನೆಯ ಜಾಗ "ಬೆಂಗಳೂರಿನ ಖರೀದಿದಾರರ ಗೋದಾಮು" ಎಂದಿತ್ತು. ಒಳ್ಳೆಯದೇ. ಎಷ್ಟೋ ಸರ್ಟಿಫಿಕೇಟುಗಳಲ್ಲಿ "ಚೆನ್ನೈ" ಎಂದಷ್ಟೇ ಇರುತ್ತದೆ, ಅಲ್ಲಿಂದ ಮುಂದಿನ ದಾರಿಗೆ ವಿಮೆಯೇ ಇರುವುದಿಲ್ಲ. ಆದರೆ ಗೋದಾಮಿನವರೆಗೆ ಎಂದು ಬರೆದಿದ್ದರೂ ಅದಕ್ಕೊಂದು ಗಡುವಿದೆ. ಕೊನೆಯ ಬಂದರಿನಲ್ಲಿ ಹಡಗಿನಿಂದ ಸರಕು ಇಳಿದ 60 ದಿನಗಳಿಗೆ ವಿಮೆ ಮುಗಿಯುತ್ತದೆ. ತಡಕ್ಕೆ ನಾವು ಕಾರಣ ಅಲ್ಲದಿದ್ದರೂ ಈ ಗಡುವು ನಿಲ್ಲುವುದಿಲ್ಲ.

ಜನರಲ್ ಆವರೇಜ್ ಭದ್ರತೆ, ಮೂಲ ಸರ್ಟಿಫಿಕೇಟ್, ಸರ್ವೇ, ಕಸ್ಟಮ್ಸ್ ಇವೆಲ್ಲ ಸೇರಿದರೆ 60 ದಿನ ಬೇಗ ಕರಗುತ್ತವೆ. ಬಂದರಿನ ಯಾರ್ಡಿನಲ್ಲಿ ನಿಂತ ಕಂಟೇನರಿಗೆ 61ನೆಯ ದಿನ ಏನಾದರೂ ಆದರೆ ಎ ಷರತ್ತೂ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಗಡುವಿಗೆ ಮೊದಲೇ ಕ್ಲೇಮ್ ಏಜೆಂಟರ ಮೂಲಕ ವಿಮಾ ಕಂಪನಿಗೆ ಬರೆದು, ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕೊಟ್ಟು, ಅವಧಿ ವಿಸ್ತರಿಸಿದ ಎಂಡಾರ್ಸ್‌ಮೆಂಟ್ ತರಿಸಿದೆವು. ಅದು ಬಳಕೆಗೆ ಬರಲಿಲ್ಲ. ಒಳ್ಳೆಯ ಸರಕು ಹಾಗೇ ಪೀಣ್ಯ ತಲುಪಿತು.

ಮುಂದಿನ ಖರೀದಿಯಿಂದ ಅವರು ಹಡಗಿನ ಬಾಡಿಗೆ, ವಿಮೆ ಎರಡನ್ನೂ ಖರೀದಿದಾರನೇ ನೋಡಿಕೊಳ್ಳುವ ಎಫ್‌ಒಬಿಗೆ ಬದಲಾದರು. ವಿಮೆಯನ್ನು ಬೆಂಗಳೂರಿನಲ್ಲೇ, ವರ್ಷವಿಡೀ ನಡೆಯುವ ಓಪನ್ ಪಾಲಿಸಿಯಾಗಿ, ಎ ಷರತ್ತು, ಯುದ್ಧ ಮತ್ತು ಮುಷ್ಕರ ಸೇರಿಸಿ, ಸುಂಕಕ್ಕೂ ಬೇರೆ ವಿಮೆ ಇಟ್ಟು ತೆಗೆದುಕೊಂಡರು. ಇದು ಎಲ್ಲರಿಗೂ ಲಾಭ ಎಂದು ನಾನು ಹೇಳಲಾರೆ. ವರ್ಷಕ್ಕೆ ಒಂದೋ ಎರಡೋ ಕಂಟೇನರ್ ತರಿಸುವವರಿಗೆ ಆರ್ಡರ್‌ನಲ್ಲೇ ಷರತ್ತು ಬರೆದು ಸಿಐಪಿ ಕೇಳುವುದೇ ಸುಲಭ.

ಮುರಿದ ಯಂತ್ರದ ವಿಷಯವನ್ನು ಅವರು ಮಾರಾಟಗಾರನ ಬಳಿಗೆ ಒಯ್ದರು. ಸರ್ವೇ ವರದಿಯಲ್ಲಿ ಬೋಲ್ಟ್ ಇಲ್ಲದ ತಳದ ಹಲಗೆಯ ಫೋಟೋ ಇತ್ತು, ಪಕ್ಕದಲ್ಲೇ ಬೋಲ್ಟ್ ಹಾಕಿದ ಇನ್ನೊಂದರ ಫೋಟೋ. ಪ್ರಯಾಣಕ್ಕೆ ತಕ್ಕಂತೆ ಪ್ಯಾಕ್ ಮಾಡುವುದು ಮಾರಾಟಗಾರನ ಹೊಣೆ. ಅವನು ಮುರಿದ ತೋಳನ್ನು ಮುಂದಿನ ಕಂಟೇನರಿನಲ್ಲಿ ಹಣ ತೆಗೆದುಕೊಳ್ಳದೆ ಕಳಿಸಿಕೊಟ್ಟ.